ಕೈಮಗ್ಗ ಕಲಿಯಲು ಯಾವ ಪುಸ್ತಕ, ಅದರ ಲೆಕ್ಕ ನಮ್ಮ ನೂಲಿಗೆ ಹೇಗೆ

ಪ್ರಶ್ನೆ: ನಾಲ್ಕು ಶಾಫ್ಟಿನ ಚಿಕ್ಕ ಕೈಮಗ್ಗ ಮಾಡಿಸಿಕೊಂಡಿದ್ದೇನೆ. ನೇಯ್ಗೆ ಕಲಿಯಲು, ಜೊತೆಗೆ ಇಳಕಲ್ ಸೀರೆಯಂಥದ್ದನ್ನು ನೋಡಿ ಅರ್ಥ ಮಾಡಿಕೊಳ್ಳಲು ಯಾವ ಪುಸ್ತಕ ತಗೊಳ್ಳಲಿ? ಒಂದು ಅಮೆರಿಕನ್ ಪುಸ್ತಕದಲ್ಲಿ ಹೇಳಿದಂತೆ ಮಾಡಿದರೂ ಬಟ್ಟೆ ಜಾಳುಜಾಳಾಗಿ ಬರುತ್ತಿದೆ.

ಕಲಿಯುವುದಕ್ಕೆ ಒಂದು, ನೋಡುವುದಕ್ಕೆ ಒಂದು, ಹೀಗೆ ಎರಡು ಪುಸ್ತಕ ತಗೊಳ್ಳಿ. ಒಂದೇ ಪುಸ್ತಕದಲ್ಲಿ ಎರಡೂ ಸಿಗುವುದಿಲ್ಲ. ಕಲಿಯಲು ನನ್ನ ಆಯ್ಕೆ ಡೆಬೊರಾ ಚಾಂಡ್ಲರ್ ಅವರ 'ಲರ್ನಿಂಗ್ ಟು ವೀವ್'. ನಿಮ್ಮದರಂಥ ನಾಲ್ಕು ಶಾಫ್ಟಿನ ಮಗ್ಗಕ್ಕೇ ಪಾಠಗಳಾಗಿ ಬರೆದ ಪುಸ್ತಕ ಅದು. ಹಾಸು ಕಟ್ಟುವುದರಿಂದ ಹಿಡಿದು ನಕ್ಷೆ ಓದುವವರೆಗೆ ಕೈ ಹಿಡಿದು ನಡೆಸುತ್ತದೆ. ಭಾರತದ ಸೀರೆಗಳನ್ನು ನೋಡಲು ಋತಾ ಕಪೂರ್ ಚಿಸ್ತಿ ಅವರ 'ಸಾರೀಸ್: ಟ್ರೆಡಿಶನ್ ಅಂಡ್ ಬಿಯಾಂಡ್' (2010). ಸೀರೆಗಿಂತ ಆಚೆಗೆ ಬಿದಿರು, ಮಣ್ಣು, ಲೋಹ, ಗೊಂಬೆ ಎಲ್ಲವೂ ಬೇಕಾದರೆ ಅದಿತಿ ರಂಜನ್ ಮತ್ತು ಎಂ. ಪಿ. ರಂಜನ್ ಸಂಪಾದಿಸಿದ 'ಹ್ಯಾಂಡ್‌ಮೇಡ್ ಇನ್ ಇಂಡಿಯಾ' ಇದೆ. ಯಾವ ಪ್ರದೇಶದಲ್ಲಿ ಏನು ಮಾಡುತ್ತಾರೆ ಎಂದು ಹುಡುಕಲು ಅದು ಒಳ್ಳೆಯದು, ಆದರೆ ಕೈಕೆಲಸ ಕಲಿಸುವುದಿಲ್ಲ. ಆನಿ ಆಲ್ಬರ್ಸ್ ಅವರ 'ಆನ್ ವೀವಿಂಗ್' (1965) ಅನ್ನು ಈಗಲೇ ಕೊಳ್ಳಬೇಡಿ. ಒಂದೆರಡು ಹಾಸು ನೇಯ್ದು ಮುಗಿಸಿದ ಮೇಲೆ ಓದಿದರೆ ಅದರ ಒಂದೊಂದು ಪುಟವೂ ಅರ್ಥವಾಗುತ್ತದೆ.

ಇನ್ನು ಜಾಳಾದ ಬಟ್ಟೆಯ ವಿಷಯ. ನಿಮ್ಮ ಕೈ ತಪ್ಪಿದೆ ಅನ್ನಿಸುವುದಿಲ್ಲ. ಅಮೆರಿಕನ್ ಪುಸ್ತಕದ ಅಂಕಿಗಳನ್ನು ಇಲ್ಲಿಯ ನೂಲಿನಂಗಡಿಗೆ ಹಾಗೇ ಒಯ್ದರೆ ಹೀಗೇ ಆಗುತ್ತದೆ.

ಹತ್ತಿ ನೂಲಿನ ಕೌಂಟ್ ಅಂದರೆ ಒಂದು ಪೌಂಡಿನಲ್ಲಿ 840 ಗಜದ ಲಡಿಗಳು ಎಷ್ಟಿವೆ ಎಂಬ ಲೆಕ್ಕ. ಕೌಂಟ್ ಹೆಚ್ಚಿದಷ್ಟೂ ನೂಲು ಸಣ್ಣ. ಅಮೆರಿಕನ್ ಪುಸ್ತಕಗಳಲ್ಲಿ ಹತ್ತಿಗೆ '8/2' ಎಂದು ಬರೆದಿದ್ದರೆ 8ರ ಕೌಂಟಿನ ಎರಡು ಎಳೆ ಹುರಿ ಮಾಡಿದ್ದು ಎಂದರ್ಥ. ನಮ್ಮಲ್ಲಿ ಬರೆಯುವ ಕ್ರಮ ತಿರುಗುಮುರುಗು: '2/20' ಅಂದರೆ 20ರ ಕೌಂಟಿನ ಎರಡು ಎಳೆ. ಎರಡು ಎಳೆ ಸೇರಿದಾಗ ಕೌಂಟ್ ಅರ್ಧವಾಗುತ್ತದೆ. ಹಾಗಾಗಿ ಪುಸ್ತಕದ 8/2 ನಿಜದಲ್ಲಿ 4ರ ಕೌಂಟಿನಷ್ಟು ದಪ್ಪ, ಅಂಗಡಿಯ 2/20 ಮಾತ್ರ 10ರ ಕೌಂಟಿನಷ್ಟು ಸಣ್ಣ. ಪುಸ್ತಕ ಇಂಚಿಗೆ 20 ಎಳೆ ಎಂದಿದೆಯೆಂದು ನೀವು 2/20 ನೂಲನ್ನೂ ಇಂಚಿಗೆ 20ರಂತೆ ಹಾಕಿದ್ದರೆ ಎಳೆಗಳ ನಡುವೆ ಜಾಗ ಉಳಿದು ಬಟ್ಟೆ ಜಾಳಾಗಲೇಬೇಕು.

ಸರಿ ಮಾಡುವುದು ಹೀಗೆ. ನಿಮ್ಮ ನೂಲಿನ ನಿಜವಾದ ಕೌಂಟನ್ನು ಪುಸ್ತಕದ ನೂಲಿನ ನಿಜವಾದ ಕೌಂಟಿನಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆಯಿರಿ. ಇಲ್ಲಿ 10 ಭಾಗಿಸು 4, ಅಂದರೆ 2.5. ಅದರ ವರ್ಗಮೂಲ ಸುಮಾರು 1.6. ಪುಸ್ತಕದ 20ನ್ನು ಇದರಿಂದ ಗುಣಿಸಿದರೆ 32. ನೀವು ಇಂಚಿಗೆ 32 ಎಳೆ ಹಾಕಬೇಕಿತ್ತು. ವರ್ಗಮೂಲವೇ ಏಕೆಂದರೆ, ಕೌಂಟ್ ಅಳೆಯುವುದು ತೂಕಕ್ಕೆ ಎಷ್ಟು ಉದ್ದ ಎಂಬುದನ್ನು. ನಮಗೆ ಬೇಕಾದದ್ದು ಎಳೆ ಎಷ್ಟು ಅಗಲ ಜಾಗ ಹಿಡಿಯುತ್ತದೆ ಎಂಬುದು. ಉದ್ದ ನಾಲ್ಕು ಪಟ್ಟಾದಾಗ ಎಳೆಯ ಅಗಲ ಅರ್ಧವಾಗುತ್ತದೆ, ಕಾಲುಭಾಗವಾಗುವುದಿಲ್ಲ.

ಎರಡನೇ ಗೊಂದಲ ರೀಡಿನ, ಅಂದರೆ ಹಾಸಿನ ಎಳೆಗಳು ತೂರಿ ಬರುವ ಬಾಚಣಿಗೆಯಂಥ ಚೌಕಟ್ಟಿನ, ನಂಬರಿನದು. ಅಮೆರಿಕದಲ್ಲಿ 10 ನಂಬರಿನ ರೀಡ್ ಅಂದರೆ ಒಂದು ಇಂಚಿಗೆ 10 ಸಂದು. ನಮ್ಮಲ್ಲಿ ಹತ್ತಿಯ ರೀಡಿನ ನಂಬರ್ ಎರಡು ಇಂಚಿಗೆ ಎಷ್ಟು ಸಂದು ಎಂಬ ಲೆಕ್ಕದ್ದು. ಹಾಗಾಗಿ ಅದೇ ರೀಡ್ ಇಲ್ಲಿ 20 ನಂಬರ್. ಇದರಲ್ಲೊಂದು ಅನುಕೂಲವೂ ಇದೆ: ಒಂದು ಸಂದಿಗೆ ಎರಡು ಎಳೆ ಹಾಕಿದರೆ ರೀಡಿನ ನಂಬರೇ ಇಂಚಿನ ಎಳೆಗಳ ಸಂಖ್ಯೆಯಾಗುತ್ತದೆ. ನಿಮಗೆ 32 ನಂಬರಿನ ರೀಡ್ ಬೇಕು, ಸಂದಿಗೆ ಎರಡು ಎಳೆ.

ಒಂದು ಹಾಸಿನ ಬಟ್ಟೆಗೆ ಎಷ್ಟು ನೂಲು ಬೇಕೆಂದೂ ನೋಡಿಬಿಡೋಣ. ರೀಡಿನಲ್ಲಿ 18 ಇಂಚು ಅಗಲ, ನೇಯುವುದು ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. 18ನ್ನು 32ರಿಂದ ಗುಣಿಸಿದರೆ 576 ಎಳೆ. ಹಾಸು ಹೊಕ್ಕಿನ ಮೇಲೂ ಕೆಳಗೂ ಬಳಸಿ ಹೋಗುವುದರಿಂದ ಉದ್ದಕ್ಕೆ ಹತ್ತು ಪ್ರತಿಶತ ಸೇರಿಸಿ. ಮಗ್ಗದ ಹಿಂದೆ ಮುಂದೆ ಕಟ್ಟಿ ನೇಯಲಾಗದೆ ಉಳಿಯುವ ತುಂಡಿಗೆ ಮುಕ್ಕಾಲು ಮೀಟರ್ ಇಡಿ. ಒಟ್ಟು ಮೂರೂವರೆ ಮೀಟರ್. ಹಾಸಿನ ಎಳೆಗಳಿಗೆ 2,016 ಮೀಟರ್ ನೂಲಾಯಿತು. 2/20 ನೂಲು ಕಿಲೋಗೆ ಸುಮಾರು 16,900 ಮೀಟರ್ ಬರುವುದರಿಂದ ಇದು 120 ಗ್ರಾಂ. ಹೊಕ್ಕು ಇದಕ್ಕಿಂತ ಕಡಿಮೆ ಸಾಕು. ಒಟ್ಟು 250 ಗ್ರಾಂ ಕೊಂಡರೆ ಪ್ರಯೋಗಕ್ಕೂ ಮಿಗುತ್ತದೆ.

ಲೆಕ್ಕ ಸರಿ ಬಂದಿದೆಯೇ ಎಂದು ಬಟ್ಟೆಯೇ ಹೇಳುತ್ತದೆ. ಮೊದಲ ಎರಡು ಇಂಚು ಎರಡು ಮೇಲೆ ಎರಡು ಕೆಳಗೆ ಬರುವ ಟ್ವಿಲ್ ನೇಯ್ದು, ಹಾಸಿನ ಬಿಗಿ ಸಡಿಲಿಸಿ, ಚೌಕ ಕಾಗದವೊಂದನ್ನು ಮೂಲೆಯಿಂದ ಮೂಲೆಗೆ ಮಡಚಿ ಅದರ ಮೇಲಿಡಿ. ಓರೆಗೆರೆ ಆ ಮಡಿಕೆಗೆ ಸರಿಯಾಗಿ ಹೊಂದಿದರೆ ಹಾಸು ಹೊಕ್ಕು ಸಮವಾಗಿವೆ. ಗೆರೆ ಕಡಿದಾಗಿ ಎದ್ದು ನಿಂತರೆ ಹಾಸು ಹೆಚ್ಚು ಒತ್ತಾಗಿದೆ, ಅಥವಾ ನೀವು ಹೊಕ್ಕನ್ನು ಸಾಕಷ್ಟು ಬಡಿಯುತ್ತಿಲ್ಲ. ಗೆರೆ ಮಲಗಿದಂತಿದ್ದರೆ ಹಾಸು ವಿರಳ. ಹಾಸು ತೀರ ಒತ್ತಾದರೆ ಇನ್ನೊಂದು ಸೂಚನೆ: ಎಳೆಗಳು ರೀಡಿಗೆ ಉಜ್ಜಿ ಜೂಲೆದ್ದು ತುಂಡಾಗುತ್ತವೆ.

ಪುಸ್ತಕದ ಚಿತ್ರದಲ್ಲಿರುವ ವಿನ್ಯಾಸ ನಿಮ್ಮ ಬಟ್ಟೆಯ ಅಡಿಯಲ್ಲಿ ಕಂಡರೆ ಗಾಬರಿ ಬೇಡ. ಅಲ್ಲಿಯ ಹಲವು ನಕ್ಷೆಗಳು ಕಾಲುಮಣೆ ಒತ್ತಿದಾಗ ಶಾಫ್ಟ್ ಮೇಲೇಳುವ ಮಗ್ಗಕ್ಕೆ ಬರೆದವು. ನಿಮ್ಮ ಮಗ್ಗದಲ್ಲಿ ಒತ್ತಿದ ಶಾಫ್ಟ್ ಕೆಳಗಿಳಿಯುತ್ತಿದ್ದರೆ ಪುಸ್ತಕ ಹೇಳಿದ ಶಾಫ್ಟುಗಳನ್ನು ಬಿಟ್ಟು ಉಳಿದವನ್ನು ಕಾಲುಮಣೆಗೆ ಕಟ್ಟಿ, ವಿನ್ಯಾಸ ಮೇಲೆ ಬರುತ್ತದೆ.

ಈಗ ಇಳಕಲ್. ಪುಸ್ತಕದ ಫೋಟೋ ಮಾತ್ರ ನೋಡಿ ಈ ಸೀರೆ ಅರ್ಥವಾಗುವುದಿಲ್ಲ, ಏಕೆಂದರೆ ಅದರ ವಿಶೇಷವಿರುವುದು ಒಡಲು ಮತ್ತು ಸೆರಗು ಸೇರುವ ಒಂದೇ ಒಂದು ಗೆರೆಯಲ್ಲಿ. ಟೋಪ್ ತೆನಿ ಸೆರಗಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಒಂದರ ತುದಿಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಎಳೆ ಎಳೆಗೂ ಜೋಡಿಸುತ್ತಾರೆ. ಇದೇ ಕೊಂಡಿ. ಸೀರೆಯ ಅಗಲದ ಉದ್ದಕ್ಕೂ ಸಾವಿರಾರು ಎಳೆಗಳಿಗೆ, ಅದೂ ಪ್ರತಿ ಸೀರೆಗೂ ಹೊಸದಾಗಿ ಈ ಕೆಲಸ ಆಗಬೇಕು. ಹಣಿಗೆಯ ಹಲ್ಲಿನಂತೆ, ಜೋಳದ ತೆನೆಯಂತೆ ಕಾಣುವ ಬಿಳಿ ವಿನ್ಯಾಸ ಆ ಕೆಂಪು ಸೆರಗಿನ ಮೇಲೆ ಬರುತ್ತದೆ.

ಸೀರೆ ಕೈಗೆ ಸಿಕ್ಕಾಗ ಪುಸ್ತಕ ಪಕ್ಕಕ್ಕಿಟ್ಟು ಸೆರಗಿನ ತುದಿಯ ಬಿಟ್ಟ ಎಳೆಗಳನ್ನು ನೋಡಿ. ಕೊಂಡಿ ಹಾಕಿದ ಸೀರೆಯಲ್ಲಿ ಅವು ಸೆರಗಿನದೇ ಕೆಂಪು ಎಳೆಗಳು. ಒಂದೇ ಹಾಸಿನಲ್ಲಿ ನೇಯ್ದು ಹೊಕ್ಕು ಮಾತ್ರ ಕೆಂಪಿಗೆ ಬದಲಿಸಿದ್ದರೆ ಅಲ್ಲಿ ಒಡಲಿನ ಹಸಿರೋ ನೀಲಿಯೋ ಜೋತಾಡುತ್ತಿರುತ್ತದೆ, ಸೆರಗಿನ ಕೆಂಪಿನೊಳಗೂ ಅದೇ ಬಣ್ಣ ಇಣುಕುತ್ತದೆ. ಆಮೇಲೆ ಸೀರೆ ತಿರುಗಿಸಿ ಜೋಡಣೆಯ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ: ಎರಡು ಬಣ್ಣದ ಕುಣಿಕೆಗಳು ಒಂದನ್ನೊಂದು ಹಿಡಿದಿರುವುದು ಕಾಣುತ್ತದೆ.