‘ದುಃಖ’ ಅನ್ನದೆ ದುಃಖ ಹೇಳುವುದು ಹೇಗೆ?

ಪ್ರಶ್ನೆ: ನನ್ನ ಹಾಡಿನ ತುಂಬಾ ‘ನೋವು’, ‘ಒಂಟಿತನ’ ಅಂತಲೇ ಇದೆ. ಕೇಳಿದವರಿಗೆ ಏನೂ ಅನ್ನಿಸ್ತಿಲ್ಲ. ಏನು ಮಾಡಲಿ?

ಉತ್ತರ: ಆ ಪದಗಳನ್ನು ಹೊಡೆದುಹಾಕಿ. ಆ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ.

ಮಗ ದುಬೈಗೆ ಹೋದ ಮೇಲೆ ಉಡುಪಿಯ ಮನೆಯಲ್ಲಿ ಒಬ್ಬಳೇ ಉಳಿದ ಅಮ್ಮನ ಹಾಡು ಬರೆಯುತ್ತಿದ್ದೆ. ‘ನೀನಿಲ್ಲದೆ ಮನೆಯೆಲ್ಲ ಶೂನ್ಯ’ ಅಂತ ಶುರುಮಾಡಿದ್ದೆ. ಆ ಸಾಲು ಯಾರ ಮನೆಗೂ ಹೊಂದುತ್ತದೆ, ಅಲ್ವಾ? ಆಮೇಲೆ ಹೀಗೆ ತಿದ್ದಿದೆ:

ಮರೆತು ಇಬ್ಬರ ಅಕ್ಕಿ ಹಾಕಿದೆ,
ಗಂಜಿ ಒಲೆಯಲಿ ಉಕ್ಕಿತು.
ನಿನ್ನ ಬಟ್ಟಲು ತೊಳೆದು ಇಟ್ಟೆ,
ಹಾಗೇ ಅಲ್ಲೇ ಒಣಗಿತು.

ಇಲ್ಲಿ ‘ಇಬ್ಬರ’ ಅನ್ನುವ ಪದವೇ ಎಲ್ಲ ಹೇಳುತ್ತದೆ. ಅದನ್ನು ತೆಗೆದರೆ ಸುಮ್ನೆ ಅಡುಗೆಯ ವರ್ಣನೆ. ಕಡಲು, ಮಳೆ ತಂದು ಸೇರಿಸಿದರೂ ಅಷ್ಟೇ: ಚಿತ್ರ ಚೆನ್ನಾಗಿರುತ್ತದೆ, ಆದರೆ ಯಾರೋ ಇಲ್ಲ ಅನ್ನುವುದು ಕಾಣುವುದಿಲ್ಲ.

ಜಾಸ್ತಿ ಜನ ಎಡವುವುದು ಐದನೇ ಸಾಲಿನಲ್ಲಿ. ‘ಎಂಥ ನೋವು ಇದು’ ಅಂತ ಮತ್ತೆ ವಿವರಿಸುತ್ತಾರೆ. ಬೇಡ.

ಹಾಡಿನ ಹಿನ್ನೆಲೆ ಹೇಳದೆ ಗೆಳೆಯರೊಬ್ಬರಿಗೆ ಓದಿ, ‘ಇಲ್ಲಿ ಏನಾಗಿದೆ?’ ಅಂತ ಕೇಳಿ. ‘ಯಾರೋ ಮನೆ ಬಿಟ್ಟು ಹೋಗಿದ್ದಾರೆ’ ಅಂದರೆ ಸಾಲು ನಿಂತಿದೆ. ‘ಅಡುಗೆ ಮಾಡ್ತಿದ್ದಾಳೆ’ ಅಂದರೆ, ‘ಇಬ್ಬರ’ ತರಹದ ಇನ್ನೊಂದು ಸುಳಿವು ಬೇಕು.