ದೋಟಿಗೆ ಅನುದಾನ ಕೇಳುವಾಗ ಸಮಿತಿಯೆದುರು ಏನು ಹೇಳುವುದು

"ನಮ್ಮ ಸಂಘದ 20 ಅಡಿಕೆ ತೋಟಗಳಿಗೆ ಮರ ಹತ್ತದೆ ನೆಲದಿಂದಲೇ ಮದ್ದು ಬಿಡಲು 10 ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ಕೇಳುವ ಅಂತಿದ್ದೇವೆ. ಮಂಗಳೂರಿನಲ್ಲಿ ಸಮಿತಿಯೆದುರು ಮಾತಾಡಲು 10 ನಿಮಿಷ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡುವುದು?"

ಭಟ್ರೇ, ಕೊಳೆರೋಗದ ಫೋಟೋಗಳಿಂದ ಶುರು ಮಾಡಬೇಡಿ. ನಾವು ಹಾಗೇ ಮಾಡಿ ಕೆಟ್ಟಿದ್ದೇವೆ. ಉದುರಿದ ಕಾಯಿ ತೋರಿಸುವುದರಲ್ಲೇ ಆರು ನಿಮಿಷ ಹೋಯಿತು. ಕೊನೆಗೆ ಸಮಿತಿಯ ಒಬ್ಬ ಮೇಡಂ "ಎಂಟು ದೋಟಿಯೇ ಯಾಕೆ, ನಾಲ್ಕು ಸಾಲದಾ?" ಅಂತ ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಅರ್ಜಿ ವಾಪಸು ಬಂತು.

ಕೊಳೆ ಬರುತ್ತದೆ ಅಂತ ಅವರಿಗೂ ಗೊತ್ತು. ಮಳೆ ಹಿಡಿಯುವ ಮೊದಲು ನಿಮ್ಮಲ್ಲಿ ಎಷ್ಟು ತೋಟಕ್ಕೆ ಕೊಳೆಯ ಮದ್ದು ಬೋರ್ಡೋ ಬಿಟ್ಟಾಗುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. 20 ಮನೆಗೂ ಫೋನ್ ಮಾಡಿ, ಈ ಸಲ ಜೂನ್ 5ರೊಳಗೆ ಯಾರದ್ದೆಲ್ಲ ಮುಗಿದಿತ್ತು ಅಂತ ಕೇಳಿ. 8 ಅಂತ ಸಿಕ್ಕಿದರೆ ಆ 8ನ್ನೇ ಮೊದಲ ಸ್ಲೈಡಿನಲ್ಲಿ ದೊಡ್ಡದಾಗಿ ಹಾಕಿ. ಮರ ಹತ್ತುವವರು ಸಿಗದೆ ಉಳಿದವರದ್ದು ಯಾವತ್ತು ಆಯಿತು ಅಂತ ಅದರ ಕೆಳಗೆ ಇರಲಿ.

ಇನ್ನು ದೋಟಿ ಎಷ್ಟು ಅಂತ. ತೋಟಕ್ಕೆ 600ರಂತೆ 12,000 ಮರ. ಒಂದು ದೋಟಿಯಲ್ಲಿ ದಿನಕ್ಕೆ 250 ಮರ ಹಿಡಿದರೆ 48 ದಿನದ ಕೆಲಸ. ಮೇ ಕೊನೆಗೆ ಒಣ ದಿನ 12 ಸಿಕ್ಕಿದರೆ 4 ದೋಟಿ ಸಾಕು, ಕೆಟ್ಟರೆ ಇರಲಿ ಅಂತ ಒಂದು ಹೆಚ್ಚಿಗೆ. 250 ನನ್ನ ಅಂದಾಜು. ಯಾರದ್ದಾದರೂ ದೋಟಿ ತಂದು ನಿಮ್ಮಲ್ಲೇ ಒಂದು ದಿನ ಬಿಟ್ಟು ನೋಡಿ, ಎತ್ತರದ ಮರಗಳಿದ್ದರೆ ಕಡಿಮೆಯಾಗುತ್ತದೆ.

ನಿಮ್ಮ ಪ್ರಶ್ನೆಗೆ ಶೆಟ್ರು "ಸಮಿತಿಯವರು ಹೇಗೂ ಕತ್ತರಿಸ್ತಾರೆ, ಏರಿಸಿ ಹಾಕಿ" ಅಂದದ್ದು ಅರ್ಧ ಸರಿ. ಕತ್ತರಿಸುವುದು ಹೌದು, ಆದರೆ ಮೊದಲು ಕತ್ತರಿ ಬೀಳುವುದು ಲೆಕ್ಕ ಇಲ್ಲದ್ದಕ್ಕೆ. 10 ಕೇಳಿ ಕಾರಣ ಹೇಳಲಾಗದಿದ್ದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ. ದೋಟಿಯ ಜೊತೆ ಪಂಪು, ಪೈಪು, ನಾಝಲ್ಲಿಗೂ ಕೊಟೇಶನ್ ತನ್ನಿ, ನಾವು ಪೈಪು ಮರೆತಿದ್ದೆವು. ರಿಪೇರಿಯ ದುಡ್ಡು ಅವರಲ್ಲಿ ಕೇಳಬೇಡಿ. ಸದಸ್ಯರಿಂದ ಮರಕ್ಕೆ ಒಂದು ರೂಪಾಯಿ ತೆಗೆದುಕೊಂಡರೆ, ಎರಡು ಸಲದ ಮದ್ದಿಗೆ ವರ್ಷಕ್ಕೆ 24,000 ಸಂಘದ ಖಾತೆಯಲ್ಲಿ ನಿಲ್ಲುತ್ತದೆ. ಈ ನಿರ್ಣಯ ಆದ ಸಭೆಯ ಪುಸ್ತಕದ ಪುಟವನ್ನು ತೋರಿಸಿ.

ಫಲಿತಾಂಶ ಹೇಳುವಾಗ ಅದೇ 8ಕ್ಕೆ ತಿರುಗಿ ಬನ್ನಿ: ಮುಂದಿನ ವರ್ಷ ಜೂನ್ 5ರೊಳಗೆ 20ರಲ್ಲಿ 18 ತೋಟ. ಫಸಲು ಇಷ್ಟು ಹೆಚ್ಚುತ್ತದೆ ಅಂತ ಮಾತು ಕೊಡಬೇಡಿ. ಆಟಿಯಲ್ಲಿ ಬಿಡದೆ ಸುರಿದರೆ ಹೊತ್ತಿಗೆ ಮದ್ದು ಬಿಟ್ಟಲ್ಲೂ ಕೊಳೆ ಬರುತ್ತದೆ, ಎರಡನೇ ಮದ್ದಿಗೆ ಬಿಡುವೇ ಸಿಗದಿರಬಹುದು. ಬೇಕಾದರೆ ಪ್ರತಿ ತೋಟದಲ್ಲಿ 10 ಮರಕ್ಕೆ ಗುರುತು ಹಾಕಿ, ಬುಡದಲ್ಲಿ ಬಿದ್ದ ಕಾಯಿಯನ್ನು ವಾರಕ್ಕೊಮ್ಮೆ ಎಣಿಸಿ ಕೊಡುತ್ತೇವೆ ಅನ್ನಿ.



ದೋಟಿ ಹಿಡಿಯುವ ಹುಡುಗರ ತರಬೇತಿ ಕೂಲಿಯನ್ನು ಬಜೆಟಿಗೆ ಸೇರಿಸಬೇಕೋ ಬೇಡವೋ ಅಂತ ನಮ್ಮ ಸಂಘದಲ್ಲೇ ಇನ್ನೂ ಎರಡು ಅಭಿಪ್ರಾಯ ಇದೆ. ಅನುದಾನ ಕೊಡುವವರಲ್ಲಿ ಕೆಲವರು ಸಲಕರಣೆಗೆ ಮಾತ್ರ ಕೊಡುತ್ತಾರೆ, ಹೋಗುವ ಮೊದಲೇ ಸಮಿತಿಯ ಆಫೀಸಿಗೆ ಫೋನ್ ಮಾಡಿ ಕೇಳಿಬಿಡಿ.