ಪಿ-ವ್ಯಾಲ್ಯೂ ಬದಿಗಿಡಿ, ಗುಂಪುಗಳ ಪಟ್ಟಿ ನೋಡಿ

ಪ್ರಶ್ನೆ: ಐಸಿಯು ರೋಗಿಗಳ ಸಾವಿನ ಸಾಧ್ಯತೆ ಹೇಳುವ ಲಾಜಿಸ್ಟಿಕ್ ಮಾಡೆಲ್ ಮಾಡಿದ್ದೇನೆ. ಹೊಸ 1000 ರೋಗಿಗಳ ಮೇಲೆ ಹಾಸ್ಮರ್–ಲೆಮೆಷೋ ಪರೀಕ್ಷೆ ಮಾಡಿದರೆ ಪಿ-ವ್ಯಾಲ್ಯೂ 0.01 ಬಂತು. ಮಾಡೆಲ್ ಬಿಸಾಕಬೇಕಾ?

ಬಿಸಾಕಬೇಡಿ. ಆ ಒಂದು ಸಂಖ್ಯೆ ಹಿಡಿದು ತೀರ್ಮಾನ ಮಾಡೋಕಾಗಲ್ಲ, ಅದರ ಹಿಂದಿರುವ ಪಟ್ಟಿಯನ್ನು ತೆಗೆದು ನೋಡಿ. ರೋಗಿಗಳನ್ನು ಮಾಡೆಲ್ ಕೊಟ್ಟ ಸಾಧ್ಯತೆಯ ಪ್ರಕಾರ ಕಡಿಮೆಯಿಂದ ಜಾಸ್ತಿಗೆ ಸಾಲಾಗಿಟ್ಟು ನೂರು ನೂರರ ಹತ್ತು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಸಾಧ್ಯತೆಗಳನ್ನೆಲ್ಲ ಕೂಡಿದರೆ ನಿರೀಕ್ಷಿಸಿದ ಸಾವುಗಳ ಸಂಖ್ಯೆ ಸಿಗುತ್ತದೆ, ಪಕ್ಕದಲ್ಲಿ ನಿಜವಾಗಿ ಆದ ಸಾವುಗಳು. ಕೆಳಗೆ p ಅಂದರೆ ಮಾಡೆಲ್ ಕೊಟ್ಟ ಸಾಧ್ಯತೆ, y ಅಂದರೆ ರೋಗಿ ಸತ್ತಿದ್ದರೆ 1, ಇಲ್ಲದಿದ್ದರೆ 0.

```r
d$g <- cut(rank(d$p, ties.method = "first"), 10, labels = FALSE)
aggregate(cbind(y, p) ~ g, data = d, FUN = sum)
```

ಉದಾಹರಣೆಗೆ, ಕೆಳಗಿನ ಗುಂಪಿನಲ್ಲಿ ನಿರೀಕ್ಷೆ 6, ಆಗಿದ್ದು 13 ಅಂದುಕೊಳ್ಳಿ. ಮೇಲಿನ ಗುಂಪಿನಲ್ಲಿ ನಿರೀಕ್ಷೆ 62, ಆಗಿದ್ದು 50. ನಡುವಿನವು ಹೆಚ್ಚುಕಡಿಮೆ ಸರಿ. ಸುಮ್ನೆ ನೋಡಿದರೆ 12ರ ವ್ಯತ್ಯಾಸವೇ ದೊಡ್ಡದು ಅನ್ನಿಸುತ್ತೆ, ಅಲ್ವಾ? ಆದರೆ ಗುಂಪಿನ ಸಾವುಗಳ ಸಂಖ್ಯೆ ಆಕಸ್ಮಿಕವಾಗಿ ಎಷ್ಟು ಏರಿಳಿಯಬಹುದು ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಮೇಲೆ ಅದು 62 × 0.38ರ ವರ್ಗಮೂಲ, ಸುಮಾರು 4.9. ಕೆಳಗೆ 6 × 0.94ರ ವರ್ಗಮೂಲ, ಸುಮಾರು 2.4. ಹಾಗಾಗಿ ಮೇಲಿನ ತಪ್ಪು ಆ ಏರಿಳಿತದ ಎರಡೂವರೆ ಪಟ್ಟು, ಕೆಳಗಿನದು ಮೂರು ಪಟ್ಟು. ಇವುಗಳ ವರ್ಗ ಮಾಡಿದರೆ ಸುಮಾರು 6.1 ಮತ್ತು 8.7. ಹತ್ತೂ ಗುಂಪಿನ ಇಂಥ ವರ್ಗಗಳ ಮೊತ್ತದಿಂದಲೇ ಪಿ-ವ್ಯಾಲ್ಯೂ ಬರೋದು. ಆ ಮೊತ್ತ 20 ಆದರೆ ಅದರಲ್ಲಿ 15ರಷ್ಟು ಈ ಎರಡರದ್ದೇ.

ಇನ್ನೊಂದು ವಿಷಯ. ಮಾಡೆಲ್ ಕಟ್ಟಿದ ಡೇಟಾದಲ್ಲೇ ಪರೀಕ್ಷೆ ಮಾಡಿದರೆ ಡಿಗ್ರಿ ಆಫ್ ಫ್ರೀಡಂ 8, ನಿಮ್ಮ ಹಾಗೆ ಹೊಸ ಡೇಟಾ ಆದರೆ 10. ಮೊತ್ತ 20ಕ್ಕೆ 8 ಇಟ್ಟರೆ ಪಿ 0.01, 10 ಇಟ್ಟರೆ 0.03. ನಿಮ್ಮ ಪ್ಯಾಕೇಜ್ ಯಾವುದನ್ನು ಇಟ್ಟಿದೆ ನೋಡಿ. ಗುಂಪುಗಳ ಸಂಖ್ಯೆ ಬದಲಿಸಿದರೂ ಪಿ ಅಲುಗಾಡುತ್ತೆ, ರೋಗಿಗಳು 50,000 ಇದ್ದರೆ ಯಾರಿಗೂ ಲೆಕ್ಕಕ್ಕೆ ಬಾರದಷ್ಟು ಸಣ್ಣ ತಪ್ಪಿಗೂ ಪಿ ಸೊನ್ನೆಗೆ ಹತ್ತಿರ ಬರುತ್ತೆ. ಇದಕ್ಕೇ ನಾನು ಆ ಸಂಖ್ಯೆಯನ್ನು ನಂಬಲ್ಲ.

ತಪ್ಪು ಯಾವ ಕಡೆಗಿದೆ ಅನ್ನೋದು ಮುಖ್ಯ. ಕೆಳಗೆ ಕಡಿಮೆ ಹೇಳಿ ಮೇಲೆ ಜಾಸ್ತಿ ಹೇಳುತ್ತಿದ್ದರೆ ಮಾಡೆಲ್ ಎರಡೂ ತುದಿಗೆ ಅತಿಯಾಗಿ ಎಳೆಯುತ್ತಿದೆ. ಕಡಿಮೆ ರೋಗಿಗಳ ಮೇಲೆ ತುಂಬಾ ವೇರಿಯಬಲ್ ಹಾಕಿದಾಗ ಹೀಗಾಗುವುದು ಮಾಮೂಲು. ಒಟ್ಟು ಸಾವುಗಳನ್ನು ಮಾತ್ರ ಹೋಲಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಮೇಲಿನ ತಪ್ಪು ಕೆಳಗಿನದನ್ನು ಬಹುಪಾಲು ಮುಚ್ಚಿಹಾಕುತ್ತೆ. ಕಟ್ಟಿದ ಡೇಟಾದಲ್ಲಂತೂ ಇಂಟರ್ಸೆಪ್ಟ್ ಇದ್ದರೆ ಒಟ್ಟು ಲೆಕ್ಕ ಯಾವಾಗಲೂ ಸರಿಹೋಗುತ್ತೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದೇ ಸಾಲು ಸಾಕು:

```r
glm(y ~ qlogis(p), family = binomial, data = d)
```

ಇಳಿಜಾರು 1ಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ, ಉದಾಹರಣೆಗೆ 0.7, ಅದೇ ರೋಗ. ಈ ಗೆರೆಯಿಂದಲೇ ಸಾಧ್ಯತೆಗಳನ್ನು ತಿದ್ದಬಹುದು, ರೋಗಿಗಳ ಕ್ರಮ ಬದಲಾಗಲ್ಲ. ಆದರೆ ತಿದ್ದಿದ್ದನ್ನು ಇದೇ 1000 ಜನರ ಮೇಲೆ ಮತ್ತೆ ಪರೀಕ್ಷಿಸಬೇಡಿ, ಬೇರೆ ರೋಗಿಗಳ ಡೇಟಾ ತಗೊಳ್ಳಿ.